ಎಳೆ ಮೆಕ್ಕೆಜೋಳದಲ್ಲಿ ಸೈನಿಕ ಹುಳು: ತೂತು ಎಣಿಸುವ ಮೊದಲು ಮೊಟ್ಟೆ ಹುಡುಕಿ

ಪ್ರಶ್ನೆ: ಮೆಕ್ಕೆಜೋಳ ಮೊಳೆತು 12 ದಿನ ಆಗಿದೆ. ಎರಡು ಎಕರೆ. ನಿನ್ನೆ ಕೆಲವು ಗಿಡದ ಎಲೆಯಲ್ಲಿ ತೂತು ಕಂಡವು, ಇನ್ನು ಕೆಲವು ಎಲೆಯ ಮೇಲೆ ಬಿಳಿ ಕಲೆ. ಒಂದು ಎಲೆಯ ಕೆಳಗೆ ಬೂದು ಬೂಷ್ಟಿನಂಥದ್ದು ಅಂಟಿತ್ತು. ಇದು ಫಾಲ್ ಸೈನಿಕ ಹುಳುವಾ? ಗೊತ್ತಿದ್ದವರು ಎರಡು ಔಷಧಿ ಬೆರೆಸಿ ಈಗಲೇ ಹೊಡೆಯಿರಿ ಅಂತಾರೆ. ಜಾಸ್ತಿ ವಿಷ ಹೊಡೆಯೋಕೆ ನನಗೆ ಇಷ್ಟ ಇಲ್ಲ. ಏನು ಮಾಡಲಿ?

ಉತ್ತರ: ಇವತ್ತು ಏನೂ ಹೊಡೆಯಬೇಡಿ. ನಾಳೆ ಬೆಳಗ್ಗೆ ಒಂದು ಗಂಟೆ ಹೊಲದಲ್ಲಿ ಓಡಾಡಿ, ಲೆಕ್ಕ ಬರೆದುಕೊಂಡು ಬನ್ನಿ. ಏನು ಮಾಡಬೇಕು ಅನ್ನೋದು ಆ ಲೆಕ್ಕದಲ್ಲೇ ಸಿಗುತ್ತದೆ. ನೀವು ಹೇಳಿದ ಮೂರೂ ಗುರುತು ಸೇರಿಸಿ ನೋಡಿದರೆ ಸೈನಿಕ ಹುಳು ಇರುವ ಸಾಧ್ಯತೆ ಜಾಸ್ತಿ. ಆದರೆ ಹುಳು ಇದೆಯಾ ಅನ್ನೋದಕ್ಕಿಂತ ಅದು ಈಗ ಎಷ್ಟು ದೊಡ್ಡದು, ಎಷ್ಟು ಗಿಡದಲ್ಲಿದೆ ಅನ್ನೋದು ಮುಖ್ಯ.

ಕಾರಣ ಹೇಳುತ್ತೇನೆ. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆ 2–3 ದಿನದಲ್ಲಿ ಒಡೆಯುತ್ತದೆ. ಮರಿ ಆರು ಹಂತ ದಾಟಿ ಬೆಳೆಯುತ್ತದೆ. ಹುಟ್ಟಿದಾಗ ಎರಡು ಮಿಲಿಮೀಟರಿಗೂ ಕಡಿಮೆ ಉದ್ದ ಇರುತ್ತದೆ. ಮೂರನೇ ಹಂತದಲ್ಲಿ ಸುಮಾರು 6 ಮಿಲಿಮೀಟರ್, ಕೊನೆಯ ಹಂತದಲ್ಲಿ ಮೂರೂವರೆ ಸೆಂಟಿಮೀಟರ್ ಹತ್ತಿರ. ತನ್ನ ಜೀವಮಾನದಲ್ಲಿ ತಿನ್ನುವ ಎಲೆಯ ಸುಮಾರು ಮುಕ್ಕಾಲು ಭಾಗವನ್ನು ಆ ಕೊನೆಯ ಹಂತ ಒಂದರಲ್ಲೇ ತಿನ್ನುತ್ತದೆ. ಮೊದಲ ಮೂರು ಹಂತದಲ್ಲಿ ತಿನ್ನುವುದು ಲೆಕ್ಕಕ್ಕೇ ಬರುವುದಿಲ್ಲ ಅನ್ನುವಷ್ಟು ಕಡಿಮೆ. ಮೊಟ್ಟೆ ಇಟ್ಟ ದಿನದಿಂದ ಮೂರನೇ ಹಂತ ಮುಗಿಯುವವರೆಗೆ ನಮಗೆ ಸಿಗುವುದು ಸುಮಾರು 8–9 ದಿನ. ಸೆಕೆ ಜಾಸ್ತಿ ಇದ್ದರೆ ಇನ್ನೂ ಕಡಿಮೆ. ಬೇವು, ಬಿಟಿ ಅನ್ನುವ ಬ್ಯಾಕ್ಟೀರಿಯಾ ಪುಡಿ, ಕೈಯಿಂದ ಹಿಸುಕುವುದು, ಈ ಸೌಮ್ಯ ಉಪಾಯಗಳೆಲ್ಲ ಕೆಲಸ ಮಾಡುವುದು ಈ ದಿನಗಳಲ್ಲೇ. ಅದಾದ ಮೇಲೆ ಹುಳು ಸುಳಿಯೊಳಗೆ ಇಳಿದು, ತನ್ನ ಹಿಕ್ಕೆಯಿಂದಲೇ ಸುಳಿಯ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಆಮೇಲೆ ಎಷ್ಟು ಗಟ್ಟಿ ಔಷಧಿ ಹೊಡೆದರೂ ಅದರ ಮೈಗೆ ತಾಗುವುದೇ ಕಷ್ಟ.

ಆ ಬೂದು ಬೂಷ್ಟು

ನೀವು ಅದನ್ನು ಗಮನಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹೆಣ್ಣು ಪತಂಗ ಒಂದು ಕಡೆ ನೂರರಿಂದ ಇನ್ನೂರು ಮೊಟ್ಟೆ ಇಡುತ್ತದೆ. ಕೆಲವೊಮ್ಮೆ ಒಂದರ ಮೇಲೊಂದು ಪದರವಾಗಿ ಇಡುತ್ತದೆ. ಆಮೇಲೆ ತನ್ನ ಹೊಟ್ಟೆಯ ಮೇಲಿನ ಹುರುಪೆಯನ್ನು ಅದರ ಮೇಲೆ ಹೊದಿಸುತ್ತದೆ. ನಮಗೆ ಕಾಣುವುದು ಈ ಹೊದಿಕೆ. ನೋಡಲು ಬೂದು ಅಥವಾ ಮಾಸಲು ಬಿಳಿ ಬಣ್ಣದ ಉಣ್ಣೆಯ ತುಣುಕು ಅಂಟಿಸಿದ ಹಾಗಿರುತ್ತದೆ. ಎಳೆ ಗಿಡದಲ್ಲಿ ಹೆಚ್ಚಾಗಿ ಎಲೆಯ ಕೆಳಮೈಯಲ್ಲಿ, ಎಲೆ ಕಾಂಡಕ್ಕೆ ಸೇರುವ ಜಾಗದ ಹತ್ತಿರ ಇರುತ್ತದೆ. ಎಲೆಯ ಮೇಲ್ಮೈಯಲ್ಲಿ, ಕಾಂಡದ ಮೇಲೆ ಕೂಡ ಸಿಗುವುದುಂಟು. ಹಾಗಾಗಿ ಕೆಳಮೈ ಮಾತ್ರ ನೋಡಿ ಮುಗಿಸಬೇಡಿ.

ಒಂದೊಂದೇ ಎಲೆ ಮಗುಚಿ ನೋಡುತ್ತಾ ಹೋದರೆ ಬೆನ್ನು ನೋಯುತ್ತದೆ, ಹತ್ತು ಗಿಡಕ್ಕೇ ಸಾಕಾಗುತ್ತದೆ. ನಾನು ಮಾಡುವುದು ಹೀಗೆ. ಬೆಳಗಿನ ಓರೆ ಬಿಸಿಲು ಇರುವಾಗ ಸೂರ್ಯನ ಕಡೆ ಮುಖ ಮಾಡಿ ಸಾಲಿನಲ್ಲಿ ನಡೆಯುತ್ತೇನೆ, ಸ್ವಲ್ಪ ಬಗ್ಗಿ ಎಲೆಗಳನ್ನು ಬೆಳಕಿಗೆ ಎದುರಾಗಿ ನೋಡುತ್ತೇನೆ. ಮೊಟ್ಟೆ ಗುಂಪು ಇದ್ದರೆ ಎಲೆಯಲ್ಲಿ ಕಪ್ಪಗೆ ಒಂದು ನೆರಳಿನ ಚುಕ್ಕೆ ಕಾಣುತ್ತದೆ. ಮರಿ ಕೆರೆದ ಜಾಗ ಇದ್ದರೆ ಅದು ಗಾಜಿನ ಹಾಗೆ ಹೊಳೆಯುತ್ತದೆ. ಎರಡೂ ಒಂದೇ ನೋಟದಲ್ಲಿ ಸಿಗುತ್ತವೆ.

ಸಿಕ್ಕಿದ್ದನ್ನು ಉಗುರಿನಿಂದ ನಿಧಾನ ಕೆರೆಯಿರಿ. ಹೊದಿಕೆ ಸರಿದು ಒಳಗೆ ಸಣ್ಣ ಮಣಿಗಳು ಒತ್ತೊತ್ತಾಗಿ ಕಂಡರೆ ಅದು ಮೊಟ್ಟೆ. ಒಂದೊಂದೂ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಬದಲಿಗೆ ದಾರ ದಾರವಾಗಿ ಎಳೆ ಬಂದರೆ ಅದು ಜೇಡದ ಗೂಡು, ಬಿಟ್ಟುಬಿಡಿ. ಜೇಡ ನಿಮ್ಮ ಕಡೆಯದು. ಮಣಿಗಳೇ ಇಲ್ಲದೆ ತೆಳ್ಳಗೆ ಬಿಳಿ ಸಿಪ್ಪೆ ಮಾತ್ರ ಉಳಿದಿದ್ದರೆ ಮೊಟ್ಟೆ ಒಡೆದು ಮರಿಗಳು ಹೊರಟಿವೆ ಅಂತ ಅರ್ಥ. ಆಗ ಅದೇ ಗಿಡ, ಜೊತೆಗೆ ಸುತ್ತಲಿನ ಎರಡು ಮೂರು ಗಿಡಗಳ ಎಲೆ ನೋಡಿ. ಹುಟ್ಟಿದ ಮರಿಗಳು ರೇಷ್ಮೆಯಂಥ ಎಳೆ ಬಿಟ್ಟು, ಗಾಳಿಗೆ ತೇಲಿ ಪಕ್ಕದ ಗಿಡಕ್ಕೆ ಹೋಗುತ್ತವೆ. ಅದಕ್ಕೇ ಶುರುವಿನಲ್ಲಿ ಈ ಹುಳು ಹೊಲದ ತುಂಬ ಸಮನಾಗಿ ಇರುವುದಿಲ್ಲ. ಅಲ್ಲಲ್ಲಿ ಗುಂಪಾಗಿರುತ್ತದೆ.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಎಲ್ಲ ಮೊಟ್ಟೆಯನ್ನೂ ಕಂಡ ತಕ್ಷಣ ಹಿಸುಕಬೇಡಿ, ಮೊದಲು ಬಣ್ಣ ನೋಡಿ. ಹೊಸ ಮೊಟ್ಟೆ ತಿಳಿ ಹಸಿರು ಅಥವಾ ಕೆನೆ ಬಣ್ಣ. ಒಡೆಯುವ ಮೊದಲು ಕಂದು ಬಣ್ಣಕ್ಕೆ ತಿರುಗಿ, ಪ್ರತಿ ಮೊಟ್ಟೆಯೊಳಗೆ ಮರಿಯ ತಲೆ ಒಂದು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಆದರೆ ಇಡೀ ಮೊಟ್ಟೆಯೇ ಒಂದೇ ಸಮ ಮಿರಮಿರ ಕಪ್ಪಾಗಿದ್ದರೆ ಅದರೊಳಗೆ ಹುಳು ಇಲ್ಲ. ಟ್ರೈಕೋಗ್ರಾಮಾ, ಟೆಲಿನೋಮಸ್ ಅನ್ನುವ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜಗಳು ಆ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಟ್ಟಿವೆ. ಟ್ರೈಕೋಗ್ರಾಮಾಕ್ಕೆ ಹೊದಿಕೆ ದಪ್ಪ ಇದ್ದರೆ ಒಳಗಿನ ಪದರ ಮುಟ್ಟುವುದು ಕಷ್ಟ. ಟೆಲಿನೋಮಸ್ ಒಳಗಿನ ಮೊಟ್ಟೆಯವರೆಗೂ ಹೋಗುತ್ತದೆ. ಇಂಥ ಕಪ್ಪು ಗುಂಪು ಸಿಕ್ಕರೆ ಅದು ನಿಮಗೆ ದುಡ್ಡಿಲ್ಲದೆ ಸಿಕ್ಕ ಔಷಧಿ, ಅಲ್ಲೇ ಬಿಡಿ.

ಕಪ್ಪೋ ಕಂದೋ ಅನ್ನೋ ಅನುಮಾನ ಬಂದರೆ ಆ ಎಲೆಯ ತುಂಡನ್ನು ಕಿತ್ತು ಒಂದು ಸಣ್ಣ ಬಾಟಲಿಗೆ ಹಾಕಿ, ಬಾಯಿಗೆ ದಟ್ಟ ನೇಯ್ಗೆಯ ಬಟ್ಟೆ ಕಟ್ಟಿ ನೆರಳಲ್ಲಿ ಇಡಿ. ಮೂರು ದಿನದೊಳಗೆ ಕಪ್ಪು ತಲೆಯ ಮರಿಗಳು ಹರಿದಾಡಿದರೆ ಅವನ್ನು ನಾಶ ಮಾಡಿ. ನಾಲ್ಕೈದು ದಿನವಾದರೂ ಒಡೆಯದೆ ಕಪ್ಪಾಗೇ ಉಳಿದರೆ ಅದು ಕಣಜದ ಪಾಲು. ಬಾಟಲಿಯ ಬಾಯಿ ಬಿಚ್ಚಿ ಹೊಲದಲ್ಲೇ, ನೆರಳಿರುವ ಕಡೆ ಇಡಿ.

ಲೆಕ್ಕ ಹಾಕುವ ಬಗೆ

ಬದುವಿನ ಮೇಲೆ ನಿಂತು ನೋಡಿದ ಲೆಕ್ಕ ನಂಬಬೇಡಿ. ಅಂಚಿನ ಸಾಲುಗಳ ಸ್ಥಿತಿ ಬೇರೆ, ಒಳಗಿನದು ಬೇರೆ. ನಾಲ್ಕೈದು ಮೀಟರ್ ಒಳಗೆ ಹೋಗಿ, ಇಂಗ್ಲಿಷಿನ ಡಬ್ಲ್ಯೂ ಅಕ್ಷರ ಬರೆದ ಹಾಗೆ ಅಂಕುಡೊಂಕಾಗಿ ನಡೆಯಿರಿ. ದಾರಿಯಲ್ಲಿ ಐದು ಕಡೆ ನಿಲ್ಲಿ. ಪ್ರತಿ ಕಡೆ ಒಂದೇ ಸಾಲಿನಲ್ಲಿ ಸತತ 20 ಗಿಡ ನೋಡಿ. ಚೆನ್ನಾಗಿರುವುದನ್ನೋ ಹಾಳಾಗಿರುವುದನ್ನೋ ಆರಿಸಬೇಡಿ. ಒಟ್ಟು 100 ಗಿಡ ಆಗುತ್ತದೆ, ಶೇಕಡಾ ಲೆಕ್ಕ ತಾನಾಗೇ ಸಿಗುತ್ತದೆ.

ಪ್ರತಿ ಗಿಡದಲ್ಲೂ ಎರಡೇ ವಿಷಯ ಬರೆದುಕೊಳ್ಳಿ: ಮೊಟ್ಟೆ ಗುಂಪು ಇದೆಯಾ, ಹೊಸ ಕಡಿತ ಇದೆಯಾ. ಈ ‘ಹೊಸ’ ಅನ್ನೋ ಪದದಲ್ಲೇ ಎಲ್ಲರೂ ಎಡವುವುದು. ಎಲೆಯಲ್ಲಿ ಕಾಣುವ ತೂತು ಇವತ್ತಿನದಲ್ಲ. ಎಲೆ ಇನ್ನೂ ಸುಳಿಯೊಳಗೆ ಸುರುಳಿಯಾಗಿದ್ದಾಗ ಹುಳು ಕಡಿದಿರುತ್ತದೆ. ಎಲೆ ಬಿಚ್ಚಿಕೊಂಡು ಹೊರಗೆ ಬರುವ ಹೊತ್ತಿಗೆ ದಿನಗಳು ಕಳೆದಿರುತ್ತವೆ. ಆ ಹುಳು ಸತ್ತಿರಬಹುದು, ಹಕ್ಕಿ ತಿಂದಿರಬಹುದು. ಹಾಗಾಗಿ ಹೊರಗಿನ ದೊಡ್ಡ ಎಲೆಗಳ ತೂತು ಎಣಿಸಬೇಡಿ. ಸುಳಿಯಿಂದ ಈಗಷ್ಟೇ ಬರುತ್ತಿರುವ ಎರಡು ಮೂರು ಎಲೆ ನೋಡಿ. ಅಲ್ಲಿ ಹಸಿರು ಕೆರೆದು ತೆಳು ಪೊರೆ ಉಳಿದ ಕಿಟಕಿಯಂಥ ಕಲೆ ಇದ್ದರೆ, ಅಥವಾ ಸುಳಿಯಲ್ಲಿ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ಇದ್ದರೆ ಅದು ಹೊಸದು. ಹಿಕ್ಕೆ ಒಣಗಿ ಪುಡಿಯಾಗಿದ್ದು, ಹೊಸ ಎಲೆ ಶುದ್ಧವಾಗಿದ್ದರೆ ಅದು ಹಳೆಯದು, ಲೆಕ್ಕಕ್ಕೆ ಬೇಡ.

ಕೊನೆಗೆ, ಹೊಸ ಕಡಿತ ಇರುವ ಹತ್ತು ಗಿಡದ ಸುಳಿ ಬಿಚ್ಚಿ ಹುಳುವನ್ನೇ ನೋಡಿ. ಸ್ವಲ್ಪ ದೊಡ್ಡ ಹುಳುವಾದರೆ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ ಕಾಣುತ್ತದೆ. ಬಾಲದ ತುದಿಯಿಂದ ಎರಡನೇ ಭಾಗದ ಮೇಲೆ ನಾಲ್ಕು ಕಪ್ಪು ಚುಕ್ಕೆ ಚೌಕವಾಗಿ ಇರುತ್ತವೆ. ಎರಡೂ ಇದ್ದರೆ ಸೈನಿಕ ಹುಳುವೇ. ತೀರಾ ಚಿಕ್ಕ ಮರಿಯಲ್ಲಿ ಈ ಗುರುತು ಬರಿಗಣ್ಣಿಗೆ ಸಿಗುವುದಿಲ್ಲ, ಅದಕ್ಕಾಗಿ ಒದ್ದಾಡಬೇಡಿ. ಉದ್ದ ಎಷ್ಟಿದೆ ಅಂತ ಮಾತ್ರ ಬರೆಯಿರಿ: 6 ಮಿಲಿಮೀಟರಿಗಿಂತ ಚಿಕ್ಕವು ಎಷ್ಟು, ದೊಡ್ಡವು ಎಷ್ಟು.

ಹೆಣ್ಣು ಪತಂಗದ ವಾಸನೆ ತೋರಿಸಿ ಸೆಳೆಯುವ ಮೋಹಕ ಬಲೆ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಆ ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ. ಪತಂಗ ಬರತೊಡಗಿದೆ, ಮೊಟ್ಟೆ ಹುಡುಕಲು ಶುರು ಮಾಡಿ ಅಂತ ಅದು ಎಚ್ಚರಿಸುತ್ತದೆ. ಬಲೆಗೆ ಹತ್ತು ಬಿತ್ತು ಅಂತ ಔಷಧಿ ಹೊಡೆಯುವುದೂ ತಪ್ಪು, ಬಲೆ ಖಾಲಿ ಇದೆ ಅಂತ ಹೊಲ ನೋಡದೆ ಕೂರುವುದೂ ತಪ್ಪು.

ಎಷ್ಟು ಇದ್ದರೆ ಏನು ಮಾಡಬೇಕು

ಎಳೆ ಮೆಕ್ಕೆಜೋಳ ನಾವು ಅಂದುಕೊಳ್ಳುವುದಕ್ಕಿಂತ ಗಟ್ಟಿ. ಆರು ಎಲೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಗಿಡ ಬೆಳೆಯುವ ತುದಿ ಮಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೇ ಇರುತ್ತದೆ. ಎಲೆ ಹರಿದಂತೆ ಕಂಡರೂ ಗಿಡ ಹೊಸ ಎಲೆ ಬಿಟ್ಟು ಚೇತರಿಸಿಕೊಳ್ಳುತ್ತದೆ. ಅಪಾಯ ಬರುವುದು ದೊಡ್ಡ ಹುಳು ಸುಳಿಯ ಬುಡಕ್ಕೆ ಕೊರೆದು ಇಳಿದಾಗ, ಅಥವಾ ಎಳೆ ಗಿಡವನ್ನು ಬುಡದಲ್ಲೇ ಕತ್ತರಿಸಿದಾಗ. ಆಗ ನಡುವಿನ ಎಲೆ ಬಾಡಿ, ಎಳೆದರೆ ಕಿತ್ತು ಬರುತ್ತದೆ. ಆ ಗಿಡ ಹೋಯಿತು.

ಈ ವಯಸ್ಸಿನ ಬೆಳೆಗೆ ನೂರಕ್ಕೆ ಸುಮಾರು 20 ಗಿಡದಲ್ಲಿ ಹೊಸ ಕಡಿತ ಇದ್ದರೆ ಹೊಲಕ್ಕೆಲ್ಲ ಔಷಧಿ ಬೇಕು ಅನ್ನುವುದು ಹಲವು ಕಡೆ ಬಳಸುವ ಅಳತೆ. ಸೌಮ್ಯ ಉಪಾಯಗಳನ್ನು ಅಷ್ಟರವರೆಗೆ ಕಾಯದೆ, 5 ಗಿಡ ದಾಟಿದಾಗಲೇ ಶುರು ಮಾಡಬೇಕು. ಯಾಕಂದರೆ ಅವು ಚಿಕ್ಕ ಮರಿಯ ಮೇಲೆ ಮಾತ್ರ ನಡೆಯುತ್ತವೆ. ಐದಕ್ಕಿಂತ ಕಡಿಮೆ ಇದ್ದರೆ ಮೊಟ್ಟೆ ಹಿಸುಕುವುದು, ಸುಳಿಯಲ್ಲಿರುವ ಹುಳು ಕೈಯಿಂದ ತೆಗೆಯುವುದು ಸಾಕು.

ಒಂದು ಹೊಲದ ಲೆಕ್ಕ ಹೇಳುತ್ತೇನೆ, ಆಗ ಸರಿಯಾಗಿ ಅರ್ಥವಾಗುತ್ತದೆ. ಅದೂ ಎರಡೆಕರೆ ಹೊಲ. ಮೊಳೆತ ಹತ್ತನೇ ದಿನ ನೂರು ಗಿಡ ನೋಡಿದೆವು. ನಾಲ್ಕು ಮೊಟ್ಟೆ ಗುಂಪು ಸಿಕ್ಕವು, ಅದರಲ್ಲಿ ಒಂದು ಪೂರ್ತಿ ಕಪ್ಪು. ಹೊಸ ಕಡಿತ ಇದ್ದದ್ದು 8 ಗಿಡದಲ್ಲಿ. ಸುಮ್ನೆ ನೂರಕ್ಕೆ ಎಂಟು ಅಂತ ಬರೆದುಕೊಂಡಿದ್ದರೆ ತಪ್ಪಾಗುತ್ತಿತ್ತು. ಆ ಎಂಟರಲ್ಲಿ ಆರು ಗಿಡ ಒಂದೇ ಕಡೆ ಇದ್ದವು. ಅಂದರೆ ಆ ಜಾಗದಲ್ಲಿ 20ಕ್ಕೆ 6, ಉಳಿದ ನಾಲ್ಕು ಕಡೆ ಸೇರಿ 80ಕ್ಕೆ 2. ಕಪ್ಪು ಗುಂಪು ಬಿಟ್ಟು ಉಳಿದ ಮೂರನ್ನು ಹಿಸುಕಿದೆವು. ಆ ಒಂದು ಜಾಗದ ಸುತ್ತ ನಡೆದು ಕಡಿತ ಎಲ್ಲಿಯವರೆಗೆ ಇದೆ ಅಂತ ಕೋಲು ನೆಟ್ಟು ಗುರುತಿಸಿದೆವು. ಹೊಲದ ಕಾಲು ಭಾಗ ಬಂತು. ಅಷ್ಟಕ್ಕೆ ಮಾತ್ರ ಸಂಜೆ ಬೇವಿನ ಕಷಾಯ ಹೊಡೆದೆವು.

ಹದಿನಾಲ್ಕನೇ ದಿನ ಅದೇ ಜಾಗದಲ್ಲಿ 20 ಗಿಡಕ್ಕೆ 2ರಲ್ಲಿ ಮಾತ್ರ ಹೊಸ ಕೆರೆತ. ಆದರೆ ಬೇರೆ ಕಡೆ ಐದು ಹೊಸ ಮೊಟ್ಟೆ ಗುಂಪು ಕಂಡವು. ಇನ್ನೊಂದು ಸಲ ಪತಂಗ ಬಂದು ಹೋಗಿತ್ತು. ಕಂಡದ್ದನ್ನು ಹಿಸುಕಿದೆವು, ಕಾಣದೆ ಉಳಿದದ್ದು ಇದ್ದೇ ಇರುತ್ತದೆ, ಅಲ್ವಾ? ಹದಿನೇಳನೇ ದಿನ ಮತ್ತೆ ಎಣಿಸಿದಾಗ 17 ಗಿಡ, ಈ ಸಲ ಐದೂ ಕಡೆ ಹರಡಿಕೊಂಡಿತ್ತು. ಹತ್ತು ಸುಳಿ ಬಿಚ್ಚಿದಾಗ ಎಂಟರಲ್ಲಿ 5 ಮಿಲಿಮೀಟರಿಗಿಂತ ಚಿಕ್ಕ ಮರಿ, ಎರಡರಲ್ಲಿ ಒಂದು ಸೆಂಟಿಮೀಟರಿನ ಹುಳು. ಮೂರು ದಿನದಲ್ಲಿ ಹಬ್ಬಿದ ವೇಗ ನೋಡಿದರೆ 20 ದಾಟುವುದು ಖಚಿತವಾಗಿತ್ತು, ಮತ್ತು ಹುಳು ಇನ್ನೂ ಚಿಕ್ಕದಿತ್ತು. ಹಾಗಾಗಿ ಅವತ್ತೇ ಸಂಜೆ ಇಡೀ ಹೊಲಕ್ಕೆ ಬಿಟಿ ಕೊಟ್ಟೆವು. ಇಪ್ಪತ್ತನೇ ದಿನ ಕಡಿತ ಇದ್ದ ಹತ್ತು ಗಿಡ ಬಿಚ್ಚಿ ನೋಡಿದರೆ ಎರಡರಲ್ಲಿ ಹುಳು ಬದುಕಿತ್ತು. ಎರಡೂ ದೊಡ್ಡವು. ಅಂಥ ಗಿಡಗಳನ್ನು ಸಾಲು ಹಿಡಿದು ಹುಡುಕಿ ಕೈಯಿಂದ ತೆಗೆದೆವು. ಆಮೇಲೆ ಬಂದ ಎಲೆಗಳು ಶುದ್ಧವಾಗಿದ್ದವು.

ಬೇವು, ಬಿಟಿ ಮತ್ತು ಸುಳಿಗೆ ಮರಳು

ಬೇವಿನ ಬೀಜದ ಕಷಾಯ ನೀವೇ ಮಾಡಬಹುದು. ಸಿಪ್ಪೆ ತೆಗೆದು ಒಣಗಿಸಿದ ಬೇವಿನ ಬೀಜದ ತಿರುಳು, ಲೀಟರ್ ನೀರಿಗೆ 50 ಗ್ರಾಂ ಲೆಕ್ಕ. 100 ಲೀಟರ್ ಸಿಂಪಡಣೆಗೆ 5 ಕಿಲೋ ಪುಡಿಯನ್ನು 10 ಲೀಟರ್ ನೀರಲ್ಲಿ ರಾತ್ರಿ ನೆನೆಸಿಡಿ. ಬೆಳಗ್ಗೆ ಹಾಲಿನ ಬಣ್ಣ ಬರುವವರೆಗೆ ಕಲಕಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, ಉಳಿದ ನೀರು ಸೇರಿಸಿ. ಎಲೆಗೆ ಅಂಟಲು ಸ್ವಲ್ಪ ಸೋಪಿನ ನೀರು ಕಲಸಿ. ಮಾಡಿದ ದಿನವೇ ಸಂಜೆ ಹೊಡೆಯಿರಿ, ಇಟ್ಟು ನಾಳೆಗೆ ಅಂದರೆ ಕಸುವು ಹೋಗುತ್ತದೆ. ಅಷ್ಟು ಬೀಜ ಸಿಗದಿದ್ದರೆ 1500 ಪಿಪಿಎಂ ಬೇವಿನ ಎಣ್ಣೆಯ ಔಷಧಿ ಲೀಟರಿಗೆ 5 ಮಿಲಿಲೀಟರ್ ಹಾಕಬಹುದು.

ಬೇವು ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ತಿನ್ನುವುದನ್ನು ನಿಲ್ಲಿಸುತ್ತದೆ, ಪೊರೆ ಬಿಡಲು ಅಡ್ಡಿ ಮಾಡುತ್ತದೆ. ಮರುದಿನ ಬೆಳಗ್ಗೆ ಹುಳು ಹರಿದಾಡುತ್ತಿದೆ, ಔಷಧಿ ಕೆಲಸ ಮಾಡಲಿಲ್ಲ ಅಂತ ಗಾಬರಿಯಾಗಿ ಬೇರೆ ವಿಷ ಹೊಡೆದವರನ್ನು ತುಂಬ ನೋಡಿದ್ದೇನೆ. ನಾಲ್ಕು ದಿನ ಕಾಯಿರಿ.

ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾದ ಪುಡಿ. ಹುಳು ಅದನ್ನು ತಿಂದರೆ ಮಾತ್ರ ಕೆಲಸ. ತಿಂದ ಕೆಲವು ಗಂಟೆಯಲ್ಲಿ ಮೇಯುವುದು ನಿಲ್ಲುತ್ತದೆ, ಸಾಯಲು ಎರಡು ಮೂರು ದಿನ ಬೇಕು. ಸಾಮಾನ್ಯವಾಗಿ ಲೀಟರಿಗೆ 2 ಗ್ರಾಂ ಹಾಕುತ್ತಾರೆ. ಆದರೆ ಒಂದೊಂದು ತಯಾರಿಕೆಯ ಶಕ್ತಿ ಬೇರೆ, ಡಬ್ಬಿಯ ಮೇಲಿನ ಅಳತೆಯನ್ನೇ ಪಾಲಿಸಿ. ಬಿಸಿಲಿಗೆ ಇದು ಬೇಗ ಹಾಳಾಗುತ್ತದೆ. ಬೆಳಗ್ಗೆ ಹೊಡೆದರೆ ಹಗಲಿನ ಬಿಸಿಲಿಗೆ ಕಸುವು ಕುಗ್ಗುತ್ತದೆ. ಸಂಜೆ ಹೊಡೆದರೆ ರಾತ್ರಿ ಮೇಯಲು ಬರುವ ಮರಿಗೆ ತಾಜಾ ಸಿಗುತ್ತದೆ.

ಯಾವುದನ್ನು ಹೊಡೆದರೂ ನಾಝಲ್ ಸುಳಿಯ ಮೇಲೇ ಇರಬೇಕು. ಸಾಲಿನ ಮೇಲೆ ಬೀಸಿಕೊಂಡು ಹೋದರೆ ಹೆಚ್ಚಿನದು ಮಣ್ಣಿಗೆ ಹೋಗುತ್ತದೆ. ಗಿಡ ಗಿಡಕ್ಕೂ ಅರೆ ಕ್ಷಣ ನಿಂತು ಸುಳಿಯೊಳಗೆ ನೀರು ಇಳಿಯುವ ಹಾಗೆ ಹೊಡೆಯಿರಿ.

ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಮಾತ್ರ ಹುಳು ಇದ್ದರೆ ನುಣ್ಣನೆಯ ಮರಳು 9 ಭಾಗ, ಸುಣ್ಣದ ಪುಡಿ 1 ಭಾಗ ಬೆರೆಸಿ ಸುಳಿಗೆ ಒಂದು ಚಿಟಿಕೆ ಹಾಕಬಹುದು. ಹುಳುವಿನ ಮೈ ತರಚಿ ಅದು ಸಾಯುತ್ತದೆ. ಸುಣ್ಣ ಜಾಸ್ತಿಯಾದರೆ ಎಳೆ ಎಲೆ ಸುಡುತ್ತದೆ, ಅಳತೆ ಮೀರಬೇಡಿ. ಕೈಗೆ ಗ್ಲೌಸ್ ಇರಲಿ.

ಜೋರು ಮಳೆ ಬಂದರೆ ಸಿಂಪಡಣೆ ಮುಂದೆ ಹಾಕಿ, ಮರುದಿನ ಮತ್ತೆ ಎಣಿಸಿ. ಚಿಕ್ಕ ಮರಿಗಳು ತೊಳೆದು ಹೋಗಿ, ಸುಳಿಯಲ್ಲಿ ನಿಂತ ನೀರಿಗೆ ಸಿಕ್ಕಿ ತುಂಬ ಸಾಯುತ್ತವೆ. ಆಗ ಔಷಧಿಯೇ ಬೇಡವಾಗಬಹುದು.

ಎರಡು ಔಷಧಿ ಬೆರೆಸುವ ಸಲಹೆ

ನನ್ನ ಮಾತು ಕೇಳುವುದಾದರೆ ಬೇಡ. ಎಲ್ಲವನ್ನೂ ಕೊಲ್ಲುವ ಔಷಧಿ ಮೊದಲು ಕೊಲ್ಲುವುದು ಹೊರಗೆ ಓಡಾಡುವ ಜೀವಿಗಳನ್ನು: ಮೊಟ್ಟೆ ಕಪ್ಪಾಗಿಸಿದ ಕಣಜ, ಜೇಡ, ಇರುವೆ, ಸುಳಿಯಲ್ಲಿ ಮೊಟ್ಟೆ, ಮರಿ ತಿನ್ನುವ ಇಕ್ಕುಳ ಬಾಲದ ಕೀಟ. ಸುಳಿಯಲ್ಲಿ ಅಡಗಿದ ದೊಡ್ಡ ಹುಳು ಉಳಿಯುತ್ತದೆ. ಮುಂದಿನ ಸಲ ಪತಂಗ ಬಂದು ಮೊಟ್ಟೆ ಇಟ್ಟಾಗ ತಡೆಯುವವರು ಯಾರೂ ಇರುವುದಿಲ್ಲ. ಜೊತೆಗೆ ಈ ಹುಳು ಹಲವು ದೇಶಗಳಲ್ಲಿ ಹಳೆಯ ಔಷಧಿಗಳಿಗೆ, ಮುಖ್ಯವಾಗಿ ಪೈರೆಥ್ರಾಯ್ಡ್ ಮತ್ತು ಆರ್ಗನೋಫಾಸ್ಫೇಟ್ ಗುಂಪಿನವಕ್ಕೆ, ಜಗ್ಗದಂತಾಗಿದೆ.

ಸೌಮ್ಯ ಉಪಾಯಕ್ಕೂ ಮಿತಿ ಇದೆ. ನಿಮ್ಮ ಲೆಕ್ಕ 20 ದಾಟಿ, ಸುಳಿ ಬಿಚ್ಚಿದಾಗ ಹೆಚ್ಚಿನವು ಒಂದು ಸೆಂಟಿಮೀಟರಿಗಿಂತ ದೊಡ್ಡವಿದ್ದರೆ ಬೇವು, ಬಿಟಿ ನಂಬಿ ಕೂರಬೇಡಿ. ಆಗ ಮೆಕ್ಕೆಜೋಳಕ್ಕೆ, ಈ ಹುಳುವಿಗೆ ಅಂತಲೇ ಅನುಮತಿ ಇರುವ ಒಂದೇ ಒಂದು ಔಷಧಿ ಆರಿಸಿ. ಕ್ಲೋರಾಂಟ್ರಾನಿಲಿಪ್ರೋಲ್ ಅಥವಾ ಸ್ಪಿನೆಟೋರಾಮ್‌ನಂಥವು ಎಲ್ಲ ಕೀಟಗಳನ್ನೂ ಒಂದೇ ಸಮ ಕೊಲ್ಲುವ ಹಳೆಯ ಔಷಧಿಗಳಿಗಿಂತ ವಾಸಿ. ಹಾಗಂತ ನಿರಪಾಯ ಅಲ್ಲ. ಸ್ಪಿನೆಟೋರಾಮ್ ಒದ್ದೆಯಿದ್ದಾಗ ಜೇನುಹುಳಕ್ಕೆ ವಿಷ, ಅದಕ್ಕೂ ಸಂಜೆಯೇ ಸರಿ. ಡಬ್ಬಿಯ ಅಳತೆ ಮೀರಬೇಡಿ. ಎರಡನೇ ಸಲ ಬೇಕಾದರೆ ಬೇರೆ ಗುಂಪಿನ ಔಷಧಿ ತೆಗೆದುಕೊಳ್ಳಿ. ತೀರಾ ದೊಡ್ಡ, ಮೂರು ಸೆಂಟಿಮೀಟರಿನ ಹುಳುಗಳೇ ಕಂಡರೆ ಔಷಧಿಯೂ ದಂಡ. ಅವು ಎರಡು ಮೂರು ದಿನದಲ್ಲಿ ಮೇಯುವುದು ಬಿಟ್ಟು ಕೋಶವಾಗಲು ಮಣ್ಣಿಗೆ ಇಳಿಯುತ್ತವೆ. ಸಿಕ್ಕಷ್ಟು ಆರಿಸಿ ಸೋಪಿನ ನೀರಿನ ಬಕೆಟ್‌ಗೆ ಹಾಕಿ.

ನಾಳೆ ಎಣಿಸಿದ ಮೇಲೆ, ಏನೂ ಹೊಡೆಯದಿದ್ದರೂ ಸರಿ, ಮೂರು ನಾಲ್ಕು ದಿನಕ್ಕೊಮ್ಮೆ ಮತ್ತೆ ನೂರು ಗಿಡ ನೋಡಿ. ಗಿಡ ಎಂಟು ಎಲೆ ದಾಟುವವರೆಗೆ ಈ ಅಂತರ ಬಿಡಬೇಡಿ. ಆಮೇಲೆ ಬೆಳೆ ಇನ್ನಷ್ಟು ತಡೆದುಕೊಳ್ಳುತ್ತದೆ, ಔಷಧಿ ಬೇಕಾಗುವ ಅಳತೆಯೂ ನೂರಕ್ಕೆ ಸುಮಾರು 40 ಗಿಡಕ್ಕೆ ಏರುತ್ತದೆ. ಏನಾದರೂ ಹೊಡೆದಿದ್ದರೆ, ಹೊಡೆಯುವ ಮೊದಲೇ ಕಡಿತ ಇರುವ ಹತ್ತು ಗಿಡಕ್ಕೆ ಬಣ್ಣದ ದಾರ ಕಟ್ಟಿ. ಬೇವಾದರೆ ನಾಲ್ಕನೇ ದಿನ, ಬಿಟಿಯಾದರೆ ಮೂರನೇ ದಿನ ಅವೇ ಗಿಡಗಳ ಸುಳಿಯ ಹೊಸ ಎಲೆ ನೋಡಿ. ಹಳೆಯ ತೂತು ಹಾಗೇ ಇರುತ್ತದೆ, ಅದನ್ನು ನೋಡಿ ಮತ್ತೆ ಸಿಂಪಡಣೆಗೆ ಹೋಗಬೇಡಿ. ಮತ್ತೆ ನಿನ್ನೆ ಕಂಡ ಆ ಬೂದು ತುಣುಕು: ಅದು ಇನ್ನೂ ಅಲ್ಲೇ ಇದ್ದರೆ ನಾಳೆ ಮೊದಲು ಅದನ್ನೇ ಉಗುರಿನಿಂದ ಕೆರೆದು, ಮಣಿಗಳ ಬಣ್ಣ ನೋಡಿ.